ಮಿಡಿ ಬಂದಿದೆ, ನಾನೂ ಬಂದಿದ್ದೇನೆ

ಎಲ್ಲರಿಗೂ ನಮಸ್ಕಾರ. ನಮ್ಮ ಹೊಳೆಬದಿಯ ಮರಗಳಲ್ಲಿ ಈ ವರ್ಷ ಅಪ್ಪೆಮಿಡಿ ಚೆನ್ನಾಗಿ ಹಿಡಿದಿದೆ. ಹೋದ ಸಲ ಹೂ ಬಿಟ್ಟ ಹೊತ್ತಿಗೆ ಮೋಡ ಕಟ್ಟಿ, ಮಂಜು ಬಿದ್ದು, ಹೂವೆಲ್ಲ ಕರಟಿ ಹೋಗಿತ್ತು. ಈ ಸಲ ಜನವರಿ ಪೂರ್ತಿ ಒಣಹವೆ ಇತ್ತು. ಫೋಟೋದಲ್ಲಿ ಇರುವುದು ಇವತ್ತು ಬೆಳಿಗ್ಗೆ ಇಳಿಸಿದ ಮಿಡಿ. ತೊಟ್ಟು ನೋಡಿ, ಒಂದೂ ಮುರಿದಿಲ್ಲ. ಇದನ್ನು ನಿಮಗೆ ತೋರಿಸಬೇಕು ಅನ್ನಿಸಿತು, ಅದಕ್ಕೇ ಬಂದೆ.

ಎರಡು ಮಳೆಗಾಲ ಇಲ್ಲಿ ಏನೂ ಬರೆದಿರಲಿಲ್ಲ. "ಎಲ್ಲಿದ್ದೀರಿ?", "ಸಾಗರದಲ್ಲೇ ಇದ್ದೀರಾ?", "ಉಪ್ಪಿನಕಾಯಿ ಹಾಕೋದು ಬಿಟ್ಟಿರಾ?" ಅಂತ ತುಂಬ ಜನ ಮೆಸೇಜು ಹಾಕಿದ್ದೀರಿ. ಇಲ್ಲೇ ಇದ್ದೇನೆ, ಅದೇ ಮನೆ, ಅದೇ ಭರಣಿ. ಮಾವನವರಿಗೆ ಹೃದಯದ ಆಪರೇಷನ್ ಆಯಿತು. ಈಗ ಅವರು ಆರಾಮಾಗಿದ್ದಾರೆ, ದಿನಾ ಬೆಳಿಗ್ಗೆ ತೋಟದ ಅಂಚಿನವರೆಗೆ ನಡೆದುಹೋಗಿ ಬರುತ್ತಾರೆ. ಅವರು ನೋಡಿಕೊಳ್ಳುತ್ತಿದ್ದ ಅಡಿಕೆ ತೋಟ ನನ್ನ ಮತ್ತು ನಮ್ಮವರ ಪಾಲಿಗೆ ಬಂತು. ಮಲೆನಾಡಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗ ಬರುವ ಮೊದಲೇ ಬೋರ್ಡೋ ಹೊಡೆಸಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಔಷಧಿ ಹೊಡೆಯುವವರು ಸಿಕ್ಕ ದಿನ ಮಳೆ, ಮಳೆ ಬಿಟ್ಟ ದಿನ ಅವರು ಬೇರೆಯವರ ತೋಟದಲ್ಲಿ. ಅದರ ಮೇಲೆ ಎಲೆಚುಕ್ಕೆ ರೋಗ. ಸಂಜೆ ಮನೆಗೆ ಬಂದರೆ ಕೈ ತುಂಬ ನೀಲಿ ಕಲೆ. ಫೋನು ಮುಟ್ಟಬೇಕು ಅಂತ ಅನ್ನಿಸುತ್ತಲೇ ಇರಲಿಲ್ಲ.

ಆ ದಿನಗಳು ನನಗೆ ಇಷ್ಟವಾದವು ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೊದಲೆಲ್ಲ ಅತ್ತೆ ಏನಾದರೂ ಹೇಳಲು ಶುರು ಮಾಡಿದರೆ ನಾನು ಫೋನು ಎತ್ತುತ್ತಿದ್ದೆ, ಅವರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಫೋನು ಒಳಗಿದ್ದಾಗ ಅವರ ಮಾತು ಬೇರೆ ಥರ. ಯಾವ ಮರದ ಮಿಡಿ ಯಾರ ಮನೆಯಿಂದ ಯಾರ ಮನೆಗೆ ಹೋಯಿತು, ಯಾರ ಮದುವೆಗೆ ಎಷ್ಟು ಭರಣಿ ಉಪ್ಪಿನಕಾಯಿ ಎದ್ದಿತ್ತು, ಎಲ್ಲ ನೆನಪಿದೆ ಅವರಿಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ಅವರ ಅಮ್ಮನ ತವರುಮನೆ ನೀರಿಗೆ ಹೋಯಿತು. ಮನೆಯ ಜೊತೆ ಹೊಳೆದಂಡೆಯ ಮಾವಿನ ಮರಗಳೂ ಹೋದವು. ಅದರಲ್ಲಿ ಒಂದು ಮರದ ಮಿಡಿಗೆ ಅಪ್ಪಟ ಜೀರಿಗೆಯ ವಾಸನೆ ಇತ್ತಂತೆ. ಆ ತಳಿ ಬೇರೆಲ್ಲೂ ಉಳಿದಿಲ್ಲ ಅಂತ ಅತ್ತೆ ಹೇಳುತ್ತಾರೆ. ಹೇಳುವಾಗ ಈಗಲೂ ಧ್ವನಿ ಸಣ್ಣದಾಗುತ್ತದೆ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ನಮ್ಮದೇ ಹೊಳೆತಿರುವಿನಲ್ಲಿ ಅಂಥದ್ದೇ ಒಂದು ಮರ ಇತ್ತು. ಹಳೇ ಪೋಸ್ಟುಗಳನ್ನು ನೋಡಿದವರಿಗೆ ಗೊತ್ತು, ಬುಡ ಪೊಟರೆಯಾಗಿ ಹೊಳೆಯ ಕಡೆಗೇ ವಾಲಿದ್ದ ದೊಡ್ಡ ಮರ. ಅದರ ಮಿಡಿ ಉದ್ದಕ್ಕೆ, ತುದಿ ಸ್ವಲ್ಪ ಬಾಗಿ ಇರುತ್ತಿತ್ತು. ತೊಟ್ಟು ಮುರಿದರೆ ಸೊನೆ ಚಿಮ್ಮಿ ಇಡೀ ಜಗುಲಿ ಘಮ್ ಅನ್ನುತ್ತಿತ್ತು. ಹೋದ ವರ್ಷ ಆಷಾಢದ ಗಾಳಿಗೆ ಆ ಮರ ಬಿತ್ತು.

ಆದರೆ ಅದು ಬೀಳುವುದಕ್ಕೆ ಹಿಂದಿನ ಮಳೆಗಾಲದಲ್ಲೇ ನಾವು ಅದರ ಕಸಿ ಕಟ್ಟಿದ್ದೆವು! ಕಟ್ಟಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಗಿಡ ಚಿಗುರಿವೆ. ಎರಡನೇ ಫೋಟೋದಲ್ಲಿ ಇರುವುದು ಅವೇ. ನಾನು ಇಲ್ಲಿ ಸುಮ್ಮನಿದ್ದ ಕಾಲದಲ್ಲಿ ಮಾಡಿದ ಕೆಲಸಗಳಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇದು.

ಅಪ್ಪೆಮಿಡಿ ಮರಗಳು ಯಾಕೆ ಕಡಿಮೆಯಾಗುತ್ತಿವೆ ಅಂತ ಕೇಳುವವರು ಸಾಮಾನ್ಯವಾಗಿ ರಸ್ತೆ ಅಗಲ ಮಾಡುವುದು, ನಾಟಕ್ಕೆ ಕಡಿಯುವುದು ಅಂತೆಲ್ಲ ಹೇಳುತ್ತಾರೆ. ಅದೂ ನಿಜ. ಆದರೆ ಇನ್ನೊಂದು ಕಾರಣ ಉಪ್ಪಿನಕಾಯಿಯಲ್ಲೇ ಇದೆ. ಕಾಯಿ ಬಲಿಯುವ ಮೊದಲೇ ನಾವು ಕೊಯ್ಯುತ್ತೇವೆ. ಒಳಗಿನ ಗೊರಟು ಗಟ್ಟಿಯಾಗಿರುವುದಿಲ್ಲ, ಚಾಕು ಹಾಕಿದರೆ ಸರಕ್ಕನೆ ಹೋಗುತ್ತದೆ. ಅಂದಮೇಲೆ ಹಣ್ಣಾಗುವುದು ಎಲ್ಲಿಂದ, ಗೊರಟು ನೆಲಕ್ಕೆ ಬಿದ್ದು ಸಸಿ ಏಳುವುದು ಎಲ್ಲಿಂದ? ಒಳ್ಳೆಯ ಮರವಾದಷ್ಟೂ ಅದರಲ್ಲಿ ಒಂದು ಕಾಯಿಯೂ ಉಳಿಯುವುದಿಲ್ಲ. ಎಲ್ಲೋ ತುದಿಯಲ್ಲಿ ಉಳಿದ ಹಣ್ಣಿನ ಗೊರಟು ಹುಟ್ಟಿದರೂ ಆ ಸಸಿ ತಾಯಿಮರದ ಹಾಗೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಮಾವಿನ ಹೂವಿಗೆ ಪಕ್ಕದ ಮರದ ಪರಾಗವೂ ಬಂದು ಕೂರುತ್ತದಲ್ವಾ. ಅದೇ ವಾಸನೆ, ಅದೇ ಹುಳಿ ಬೇಕೆಂದರೆ ಕಸಿ ಒಂದೇ ದಾರಿ.

ಕಸಿ ಕಟ್ಟಿದ್ದು ಹೀಗೆ. ಕಾಡುಮಾವಿನ ಗೊರಟು ಹಾಕಿ ಸಸಿ ಎಬ್ಬಿಸಿದೆವು, ಬೇರು ಅದರದ್ದು. ತಾಯಿಮರದಲ್ಲಿ ಪೆನ್ಸಿಲ್ ದಪ್ಪದ ಬಲಿತ ಚಿಗುರು ಆರಿಸಿ, ವಾರ ಮೊದಲೇ ಅದರ ಎಲೆ ಮಾತ್ರ ಕತ್ತರಿಸಿ ಬಿಟ್ಟೆವು. ಎಲೆ ಹೋದಮೇಲೆ ತುದಿಯ ಮೊಗ್ಗು ಉಬ್ಬುತ್ತದೆ. ಆಗ ಆ ಕಡ್ಡಿ ಕೊಯ್ದು, ಬುಡವನ್ನು ಎರಡೂ ಕಡೆ ಕೆತ್ತಿ ಬೆಣೆಯ ಹಾಗೆ ಮಾಡಿ, ಸಸಿಯ ತಲೆ ಕತ್ತರಿಸಿ ನಡುವೆ ಸೀಳಿ ಅದರೊಳಗೆ ಕೂರಿಸಬೇಕು. ಸಿಪ್ಪೆಗೆ ಸಿಪ್ಪೆ ಸೇರಬೇಕು, ಎರಡೂ ಕಡೆ ಆಗದಿದ್ದರೆ ಒಂದು ಕಡೆಯಾದರೂ. ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿಯಾಗಿ ಸುತ್ತಿ, ಮೇಲೊಂದು ಉದ್ದನೆಯ ಪ್ಲಾಸ್ಟಿಕ್ ಕೊಟ್ಟೆ ಹಾಕಿ ಕಟ್ಟಿದರೆ ಒಳಗೆ ತೇವ ನಿಲ್ಲುತ್ತದೆ. ಚಾಕು ಮಾತ್ರ ಹರಿತ ಇರಲೇಬೇಕು. ನಮಗೆ ಹೇಳಿಕೊಟ್ಟ ಪಕ್ಕದೂರಿನ ಅಣ್ಣ ಒಂದೇ ಎಳೆತಕ್ಕೆ ಕೆತ್ತುತ್ತಿದ್ದರು. ಎರಡನೇ ಸಲ ಚಾಕು ಆಡಿಸಿದರೆ "ಹಂಗಲ್ಲ ತಂಗೀ, ಗಾಯ ಒಂದೇ ಇರಬೇಕು" ಅನ್ನುತ್ತಿದ್ದರು.

ಕೊಟ್ಟೆಯ ಒಳಗೆ ಮೊದಲ ಚಿಗುರು ಕೆಂಪಗೆ ಒಡೆದ ದಿನ ಮಾವನವರನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಆಪರೇಷನ್ ಆದಮೇಲೆ ಅವರು ಅಂಗಳ ದಾಟಿದ್ದು ಅದೇ ಮೊದಲು.

ಕಸಿ ಗಿಡ ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೆ ಕಾಯಿ ಬಿಡುತ್ತದೆ. ಅಲ್ಲಿಯವರೆಗೆ ಆ ಮರದ ಉಪ್ಪಿನಕಾಯಿ ನಮ್ಮಲ್ಲಿ ಹಳೆಯ ಎರಡು ಭರಣಿ ಅಷ್ಟೇ. ಅದನ್ನು ಅತ್ತೆ ನಾಗಂದಿಗೆಯ ಮೇಲೆ ಎತ್ತಿಟ್ಟಿದ್ದಾರೆ, ಹಬ್ಬಕ್ಕೆ ಮಾತ್ರ ಇಳಿಯುತ್ತದೆ.

ಇನ್ನು ಇವತ್ತಿನ ಮಿಡಿಯ ವಿಷಯ. ಇದು ಕೆಳಗಿನ ಹೊಳೆಬದಿಯ ಮರದ್ದು. ಮರ ಹತ್ತುವವರು ಮೈಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಹತ್ತುತ್ತಾರೆ, ಸೊನೆ ತಾಗಿದರೆ ಚರ್ಮ ಸುಡುತ್ತದೆ. ಮೇಲಿಂದ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ಕೊಂಬೆ ಅಲುಗಿಸಿ ಉದುರಿಸಿದರೆ ಮಿಡಿಗೆ ಪೆಟ್ಟು ಬೀಳುತ್ತದೆ, ಪೆಟ್ಟು ಬಿದ್ದ ಒಂದು ಮಿಡಿ ಸಾಕು ಭರಣಿ ಕೆಡಿಸಲಿಕ್ಕೆ. ಮಿಡಿಗೆ ರೇಟು ಬಂದಮೇಲೆ ಕೆಲವು ಕಡೆ ಕೊಂಬೆಯನ್ನೇ ಕಡಿದು ಕೆಳಗೆ ಹಾಕಿ ಬಿಡಿಸುತ್ತಾರೆ. ನನಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಕೊಂಬೆ ಮತ್ತೆ ಬೆಳೆದು ಕಾಯಿ ಬಿಡಲು ಎಷ್ಟೋ ವರ್ಷ ಬೇಕು. ದಯವಿಟ್ಟು ಮಿಡಿ ಕೊಳ್ಳುವವರು ಒಂದು ಮಾತು ಕೇಳಿ, "ಕೊಂಬೆ ಕಡಿದು ತಂದದ್ದಾ, ಹತ್ತಿ ಕೊಯ್ದದ್ದಾ?" ಅಂತ. ಕೊಳ್ಳುವವರು ಕೇಳಲು ಶುರು ಮಾಡಿದರೆ ಮಾರುವವರೂ ಬದಲಾಗುತ್ತಾರೆ.

ಮಿಡಿ ಮನೆಗೆ ಬಂದ ದಿನವೇ ಉಪ್ಪಿಗೆ ಹಾಕುತ್ತೇವೆ. ತೊಳೆದು, ಬಟ್ಟೆಯ ಮೇಲೆ ಹರವಿ, ಒಂದೊಂದನ್ನೇ ಒರೆಸಬೇಕು. ತೊಟ್ಟು ಚೂರು ಉಳಿಸಿ ಮುರಿಯುವಾಗ ಚಿಮ್ಮುವ ಸೊನೆಯನ್ನು ಅತ್ತೆ ವ್ಯರ್ಥ ಮಾಡುವುದಿಲ್ಲ, ಭರಣಿಯ ಬಾಯಲ್ಲೇ ಮುರಿಯುತ್ತಾರೆ. ಪರಿಮಳ ಇರುವುದೇ ಅದರಲ್ಲಿ. ನಮ್ಮನೆ ಅಳತೆ ನಾಲ್ಕು ಸೇರು ಮಿಡಿಗೆ ಒಂದು ಸೇರು ಕಲ್ಲುಪ್ಪು. ಒಂದು ಪದರ ಮಿಡಿ, ಒಂದು ಪದರ ಉಪ್ಪು, ಮೇಲೆ ಬಟ್ಟೆ ಕಟ್ಟಿ ಮುಚ್ಚಳ. ದಿನಾ ಒಮ್ಮೆ ಒಣಗಿದ ಮರದ ಸೌಟಿನಲ್ಲಿ ಮೇಲೆ ಕೆಳಗೆ ಮಾಡುತ್ತೇವೆ. ಉಪ್ಪು ಕರಗಿ ನೀರಾಗಿ, ಮಿಡಿ ಚಿರುಟಿಕೊಂಡು ಮೈಯೆಲ್ಲ ಸುಕ್ಕಾದಮೇಲೆ ಖಾರದ ಕೆಲಸ. ಸಾಸಿವೆ, ಬ್ಯಾಡಗಿ ಮೆಣಸು, ಕುದಿಸಿ ಆರಿಸಿದ ಉಪ್ಪುನೀರು. ಅದರ ಅಳತೆ, ವಿಡಿಯೋ ಎಲ್ಲ ಆ ಹೊತ್ತಿಗೆ ಹಾಕುತ್ತೇನೆ, ಈಗಲೇ ಹೇಳಿದರೆ ಅಷ್ಟರೊಳಗೆ ಮರೆತುಹೋಗುತ್ತದೆ.

ಇನ್ನು ಮುಂದೆ ಹೀಗೇ ಬರೆಯುತ್ತೇನೆ. ತೋರಿಸುವಂಥದ್ದು ಏನಾದರೂ ಇದ್ದಾಗ ಬರುತ್ತೇನೆ, ಇಲ್ಲದಿದ್ದಾಗ ತೋಟದಲ್ಲಿರುತ್ತೇನೆ. ದಿನಾ ಒಂದು ರೀಲ್ಸ್ ಹಾಕುವ ಪದ್ಧತಿ ಇನ್ನಿಲ್ಲ. ಉಪ್ಪಿನಕಾಯಿ ಮಾರುತ್ತೀರಾ ಅಂತ ಕೇಳಿದವರಿಗೆ: ಇಲ್ಲ, ಮನೆಗೆ ಮತ್ತು ನೆಂಟರಿಗೆ ಆಗುವಷ್ಟೇ. ಆದರೆ ಹಾಕುವ ಕ್ರಮ ಯಾರು ಕೇಳಿದರೂ ಹೇಳುತ್ತೇನೆ. ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವ ನಮ್ಮ ಕಡೆಯವರು ಎಷ್ಟೋ ಜನ ಇದ್ದೀರಿ, ನಿಮ್ಮ ಮೆಸೇಜುಗಳನ್ನು ಒಂದೊಂದಾಗಿ ಓದುತ್ತಿದ್ದೇನೆ. ಅಮ್ಮ ಹಾಕಿಕೊಟ್ಟ ಕೊನೆಯ ಭರಣಿ ಮುಗಿದುಹೋಯಿತು, ಈ ವರ್ಷ ನಾನೇ ಹಾಕಬೇಕು ಅಂತ ಬರೆದಿದ್ದೀರಲ್ಲ ಒಬ್ಬರು, ನಿಮಗೆ ಇವತ್ತು ರಾತ್ರಿಯೇ ಉತ್ತರ ಬರೆಯುತ್ತೇನೆ.

ಈಗ ನನ್ನದೊಂದು ಕೇಳಿಕೆ. ಅಪ್ಪೆಮಿಡಿಗೆ ಜಿಐ ಮಾನ್ಯತೆ ಸಿಕ್ಕಿದೆ, ಅನಂತಭಟ್ಟನ ಅಪ್ಪೆಯಂಥ ಕೆಲವು ತಳಿ ಹೆಸರುವಾಸಿಯೂ ಆಗಿವೆ. ಆದರೆ ಹೆಸರೇ ಇಲ್ಲದ, ಒಂದೇ ಒಂದು ಮನೆಯವರಿಗೆ ಮಾತ್ರ ಗೊತ್ತಿರುವ ಮರಗಳು ಎಷ್ಟೋ ಇವೆ. ಸಾಗರ, ಹೊಸನಗರ, ಸೊರಬ, ಸಿದ್ದಾಪುರ, ಶಿರಸಿ ಕಡೆಯವರು ನಿಮ್ಮ ಊರಲ್ಲಿ ಅಂಥ ಹಳೆಯ ಮರ ಇದ್ದರೆ ಕೆಳಗೆ ಬರೆಯಿರಿ. ಮಿಡಿ ಉದ್ದವೋ ಗುಂಡೋ, ಸೊನೆಯ ವಾಸನೆ ಹೇಗೆ, ಉಪ್ಪಿನಕಾಯಿ ಎಷ್ಟು ವರ್ಷ ಇರುತ್ತದೆ, ಮನೆಯಲ್ಲಿ ಆ ಮರವನ್ನು ಏನಂತ ಕರೆಯುತ್ತೀರಿ, ಇಷ್ಟು ಸಾಕು. ಮರದವರು ಒಪ್ಪಿದರೆ ಮಳೆಗಾಲ ಶುರುವಾದಾಗ ನಾವೇ ಬಂದು ಕಸಿಕಡ್ಡಿ ತರುತ್ತೇವೆ, ಗಿಡ ಚಿಗುರಿದ ಮೇಲೆ ಒಂದನ್ನು ಅವರಿಗೇ ವಾಪಸ್ ಕೊಡುತ್ತೇವೆ. ಕಾಡುಮಾವಿನ ಸಸಿಗಳು ಆಗಲೇ ಕೊಟ್ಟೆಯಲ್ಲಿ ತಯಾರಿವೆ.