ಓಡುವವರನ್ನು ಹಿಡಿಯುವ ಔಷಧಿ

ಬಾಚಣಿಗೆ ಸಿಕ್ಕಿದ್ದು ರಾಗಿ ಹಿಟ್ಟಿನ ಡಬ್ಬದ ಹಿಂದೆ. ಎರಡು ದಿನದಿಂದ ಮನೆಯವರೆಲ್ಲ ಅದಕ್ಕಾಗಿ ಹುಡುಕಾಡಿದ್ದರು. ಅಜ್ಜಿ ಅದನ್ನು ಹಿಡಿದುಕೊಂಡು ಹಾಲ್‌ಗೆ ಬಂದದ್ದೇ ತಡ, ಆರು ವರ್ಷದ ಅನು ಎದ್ದು ಒಳಗೆ ಓಡಿ ಮಂಚದ ಆಚೆ ಬದಿ ಅವಿತು ಕೂತಳು.

ಅವಳ ಅಪ್ಪ ಗಿರೀಶನಿಗೆ ವಿಷಯ ಹೊಳೆಯಿತು. ಭಾನುವಾರ ಬಂತೆಂದರೆ ಅನುಗೆ ಪಾರ್ಲರ್ ಆಟ. ಅಮ್ಮ ಸವಿತಾ ನೆಲದ ಮೇಲೆ ಕೂರಬೇಕು, ಅನು ಹಿಂದೆ ನಿಂತು ಅವಳ ಉದ್ದ ಜಡೆ ಬಿಚ್ಚಿ ಬಾಚಬೇಕು. ಈ ಭಾನುವಾರವೂ ಬಾಚಿದ್ದಳು. ಮೊದಲ ಕೀಮೋ ಆಗಿ ಎರಡು ವಾರ ಕಳೆದಿತ್ತು. ಒಂದೇ ಎಳೆತಕ್ಕೆ ಬಾಚಣಿಗೆಯ ತುಂಬ ಕೂದಲು ಬಂತು. ಸವಿತಾ ನಕ್ಕು 'ಸಾಕು ಬಿಡು ಕಂದ' ಅಂದಿದ್ದಳು. ಆದರೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಮಕ್ಕಳು ಇಂಥದ್ದನ್ನೆಲ್ಲ ಗಮನಿಸುತ್ತವೆ.

"ಮಗೂಗೆ ಅದೆಲ್ಲ ಯಾಕೋ ಹೇಳ್ತೀಯಾ?" ಅಡುಗೆಮನೆಯಲ್ಲಿ ಅಜ್ಜಿ ಪಿಸುಗುಟ್ಟಿದರು. "ತಿರುಪತಿಗೆ ಮುಡಿ ಕೊಡ್ತಾಳೆ ಅಂದ್ಬಿಡು. ನಂಬುತ್ತೆ."

"ನಂಬ್ತಾಳಮ್ಮ. ನಾಳೆ ಪಕ್ಕದ ಮನೆಯವರು ಬೇರೆ ಏನೋ ಅಂತಾರೆ. ಆಮೇಲೆ ನಾನು ಹೇಳಿದ್ದು ಯಾವುದನ್ನೂ ನಂಬಲ್ಲ."

ಅಜ್ಜಿ ಸುಮ್ಮನಾದರು. ಸೊಸೆಯ ಬೋಳುತಲೆ ನೆನೆಸಿಕೊಳ್ಳುವುದೇ ಅವರಿಗೆ ಸುಲಭವಾಗಿರಲಿಲ್ಲ. ಅವರ ಕಾಲದಲ್ಲಿ ಹೆಂಗಸಿನ ತಲೆ ಬೋಳಾಯಿತು ಅಂದರೆ ಅದರ ಅರ್ಥವೇ ಬೇರೆ ಇತ್ತು. ಸವಿತಾ ಮಾತ್ರ ಬೆಳಿಗ್ಗೆಯೇ ಗಟ್ಟಿ ಮಾಡಿಕೊಂಡಿದ್ದಳು. "ದಿಂಬಿನ ತುಂಬ ಕೂದಲು, ಕಡಿತ ಬೇರೆ. ಸಂಜೆ ಪೂರ್ತಿ ತೆಗೆಸಿಬಿಡ್ತೀನಿ ರೀ. ಅನುಗೆ ನೀವೇ ಹೇಳಿ. ನಾನು ಶುರು ಮಾಡಿದ್ರೆ ಅಳು ಬಂದ್ಬಿಡುತ್ತೆ."

ಗಿರೀಶ ಹೋಗಿ ಮಂಚದ ಆಚೆ ಮಗಳ ಪಕ್ಕ ನೆಲದ ಮೇಲೆ ಕೂತ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

"ಅಪ್ಪಾ, ನಾನು ಜೋರಾಗಿ ಎಳೆದ್ನಾ?"

"ಇಲ್ಲ ಪುಟ್ಟಿ. ನೀನು ಬಾಚಿದ್ದಕ್ಕೆ ಉದುರಿದ್ದಲ್ಲ. ನೀನು ಮುಟ್ಟದೇ ಇದ್ದಿದ್ರೂ ಉದುರ್ತಿತ್ತು. ನಿನ್ನೆ ದಿಂಬಿನ ಮೇಲೂ ಬಿದ್ದಿತ್ತು, ಅಲ್ಲಿ ನೀನಿದ್ಯಾ?"

ಅನು ತಲೆ ಅಲ್ಲಾಡಿಸಿದಳು. ಆದರೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

"ಅಮ್ಮನಿಗೆ ಆಪರೇಷನ್ ಮಾಡಿದ್ರಲ್ಲ, ಯಾಕೆ ಹೇಳು?"

"ಎದೇಲಿ ಗಂಟಿತ್ತು."

"ಹೂಂ. ಆ ಕಾಯಿಲೆಗೆ ಕ್ಯಾನ್ಸರ್ ಅಂತಾರೆ. ನಮ್ಮ ಮೈ ಎಲ್ಲ ಪುಟ್ಟ ಪುಟ್ಟ ಕಣಗಳಿಂದ ಆಗಿರೋದು. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಸಾಕು ಅಂದಾಗ ನಿಲ್ಲುತ್ತವೆ. ಕ್ಯಾನ್ಸರ್ ಕಣಗಳು ನಿಲ್ಲಲ್ಲ. ಗಂಟನ್ನ ಡಾಕ್ಟರ್ ತೆಗೆದ್ರು. ಕಣ್ಣಿಗೆ ಕಾಣದಷ್ಟು ಚಿಕ್ಕದು ಎಲ್ಲಾದ್ರೂ ಉಳಿದಿದ್ರೆ? ಅದಕ್ಕೆ ಈ ಕೀಮೋ."

"ಗಂಟು ಎದೇಲಿತ್ತು. ಔಷಧಿ ತಲೆಗೆ ಯಾಕೆ ಹೋಯ್ತು?"

ಒಳ್ಳೆಯ ಪ್ರಶ್ನೆ. ಗಿರೀಶ ಅವಳ ಬೆರಳು ಹಿಡಿದು ತನ್ನ ಕತ್ತಿನ ಪಕ್ಕ, ದವಡೆಯ ಕೆಳಗೆ ಒತ್ತಿಸಿದ. "ಏನಾಗ್ತಿದೆ?"

"ಟಕ್ ಟಕ್ ಅಂತಿದೆ."

"ರಕ್ತ ತಲೆಗೆ ಹೋಗ್ತಿದೆ. ಅಮ್ಮನಿಗೆ ಔಷಧಿ ಕೊಡೋದು ರಕ್ತನಾಳಕ್ಕೆ, ಡ್ರಿಪ್‌ನಲ್ಲಿ. ಅದು ರಕ್ತದ ಜೊತೆ ತಲೆಯಿಂದ ಕಾಲಿನವರೆಗೂ ಸುತ್ತುತ್ತೆ. ಕಾಯಿಲೆ ಎಲ್ಲಿ ಅಡಗಿದ್ರೂ ಸಿಗಲಿ ಅಂತ."

"ಹಾಗಾದ್ರೆ ಕಾಯಿಲೇನ ಹಿಡೀಬೇಕು. ಕೂದಲನ್ನ ಯಾಕೆ?"

ಇದಕ್ಕೆ ಬರೀ ಮಾತು ಸಾಲದು ಅನ್ನಿಸಿತು ಗಿರೀಶನಿಗೆ. ಹೆಗಲ ಮೇಲಿದ್ದ ಟವೆಲನ್ನು ಕಣ್ಣಿಗೆ ಕಟ್ಟಿಕೊಂಡು ಎದ್ದು ನಿಂತ. "ನೀನು ಓಡಾಡ್ತಾ ಇರು. ಅಜ್ಜೀನ ಕರಿ, ಅವರು ಅಲ್ಲಾಡದೇ ನಿಂತ್ಕೊಳ್ಳಲಿ."

ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬೀರುವಿಗೆ ಒರಗಿ ನಿಂತರು. ಅನು ಮಂಚ ಸುತ್ತಿದಳು, ಕಿಟಕಿ ಹತ್ತಿರ ಹೋದಳು, ಬಾಗಿಲ ಕಡೆ ಹಾರಿದಳು. ಕಾಲ್ಗೆಜ್ಜೆ ಘಲ್ ಘಲ್ ಎನ್ನುತ್ತಿತ್ತು. ನಾಲ್ಕು ಹೆಜ್ಜೆಗೇ ಗಿರೀಶ ಅವಳನ್ನು ಹಿಡಿದ. ಇನ್ನೊಂದು ಸಲವೂ ಹಿಡಿದ. ಅಜ್ಜಿಯ ಪಕ್ಕದಲ್ಲೇ ಹಾದುಹೋದರೂ ಅವರು ಸಿಗಲಿಲ್ಲ.

"ನಿನ್ನನ್ನೇ ಯಾಕೆ ಹಿಡಿದೆ?"

"ನಾನು ಓಡ್ತಿದ್ದೆ. ಗೆಜ್ಜೆ ಕೇಳಿಸ್ತು."

"ಕೀಮೋಗೂ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಇವರು ಕೆಟ್ಟವರು, ಇವರು ಒಳ್ಳೆಯವರು ಅಂತ ಸರಿಯಾಗಿ ಗೊತ್ತಾಗಲ್ಲ. ಯಾರು ಜಾಸ್ತಿ ಓಡ್ತಾರೋ, ಅಂದ್ರೆ ಬೇಗ ಬೇಗ ಬೆಳೀತಾರೋ, ಅವರನ್ನ ಹಿಡಿಯುತ್ತೆ. ಕ್ಯಾನ್ಸರ್ ಬೇಗ ಬೆಳೆಯುತ್ತೆ, ಸಿಕ್ಕಿಬೀಳುತ್ತೆ. ಕೂದಲಿನ ಬುಡದಲ್ಲಿರೋ ಕಣಗಳೂ ಬೇಗ ಬೆಳೆಯೋವೇ. ಪಾಪ, ಅವೂ ಸಿಕ್ಕಿಬೀಳುತ್ತವೆ."

ಅನು ಬಾಯಿಗೆ ಬೆರಳಿಟ್ಟುಕೊಂಡು ಯೋಚಿಸಿದಳು. "ಬೇರೆ ಯಾರು ಓಡ್ತಾರೆ?"

"ಬಾಯಿ ಒಳಗಿನ ಚರ್ಮ. ಅದು ಹಳೇದು ಹೋಗಿ ಹೊಸದು ಬರ್ತಾನೇ ಇರುತ್ತೆ."

"ಅದಕ್ಕೇನಾ ಅಮ್ಮನ ಬಾಯಲ್ಲಿ ಹುಣ್ಣು? ಮೊನ್ನೆ ಸಾರು ಉಣ್ಣುವಾಗ ಕಣ್ಣಲ್ಲಿ ನೀರು ಬಂತು."

"ಅದಕ್ಕೇ. ರಕ್ತದಲ್ಲಿ ರೋಗಾಣುಗಳ ಜೊತೆ ಹೊಡೆದಾಡೋ ಕಣಗಳಿರುತ್ತವೆ, ಅವೂ ಕಮ್ಮಿಯಾಗುತ್ತವೆ. ನಿನಗೆ ನೆಗಡಿ ಆದಾಗ ಅಜ್ಜಿ ಹತ್ತಿರ ಮಲಗು ಅಂದಿದ್ದು ಅದಕ್ಕೆ. ಅಮ್ಮನಿಗೆ ನಿನ್ನ ಮೇಲೆ ಸಿಟ್ಟಿತ್ತು ಅಂತಲ್ಲ."

ಅನು ಅಪ್ಪನ ಮುಖ ನೋಡಿದಳು. ಇದನ್ನೂ ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು ಅಂತ ಅವನಿಗೆ ಆಗ ಗೊತ್ತಾಯಿತು.

"ನನಗೂ ಅಂಟುತ್ತಾ?"

"ನೆಗಡಿ ಅಂಟುತ್ತೆ, ಕ್ಯಾನ್ಸರ್ ಅಂಟಲ್ಲ. ಅಮ್ಮನ್ನ ಎಷ್ಟು ಬೇಕಾದ್ರೂ ತಬ್ಬಿಕೋ. ಮುತ್ತು ಕೊಡು. ಕೈ ಮಾತ್ರ ತೊಳ್ಕೊಂಡು ಬಾ."

"ಕೂದಲು ಮತ್ತೆ ಬರುತ್ತಾ?"

"ಬರುತ್ತೆ. ಕೀಮೋ ಎಲ್ಲ ಮುಗಿದ ಮೇಲೆ ಒಂದೆರಡು ತಿಂಗಳಿಗೆ ಸಣ್ಣಗೆ ಶುರುವಾಗುತ್ತೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ, ನಿನ್ನ ಕಿರುಬೆರಳಿನ ಅಗಲದಷ್ಟು. ಜಡೆ ಹಾಕೋಷ್ಟು ಆಗೋಕೆ ತುಂಬಾ ದಿನ ಬೇಕು. ಮೊದಲು ಸ್ವಲ್ಪ ಗುಂಗುರಾಗಿ ಬಂದ್ರೂ ಬರಬಹುದು."

ಅನು ಕಿರುಬೆರಳು ಎತ್ತಿ ನೋಡಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು. "ಅಮ್ಮ ಸತ್ತು ಹೋಗ್ತಾಳಾ?"

ಬಾಗಿಲ ಹತ್ತಿರ ನಿಂತಿದ್ದ ಅಜ್ಜಿ "ಬಿಡ್ತು ಅನ್ನು" ಅಂದುಬಿಟ್ಟರು. ಗಿರೀಶ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಆಣೆ ಹಾಕಿ ಹೇಳುವ ಮಾತಲ್ಲ ಅದು. ಹಾಗಂತ ಸುಮ್ಮನಿದ್ದರೆ ಮಗು ಒಬ್ಬಳೇ ಅದನ್ನು ಹೊತ್ತು ತಿರುಗುತ್ತಾಳೆ.

"ಅಮ್ಮ ವಾಸಿಯಾಗಲಿ ಅಂತಾನೇ ಈ ಔಷಧಿ. ವಾಸಿಯಾಗ್ತಾಳೆ ಅನ್ನೋ ಭರವಸೆ ಡಾಕ್ಟರ್‌ಗೂ ಇದೆ, ನನಗೂ ಇದೆ. ಏನಾದ್ರೂ ಬದಲಾದ್ರೆ ಮುಚ್ಚಿಡಲ್ಲ, ನಿನಗೆ ನಾನೇ ಹೇಳ್ತೀನಿ. ಭಯ ಆದಾಗ ನನ್ನನ್ನ ಕೇಳು. ರಾತ್ರಿ ಆದ್ರೂ ಸರಿ, ಎಬ್ಬಿಸು."

ಸ್ವಲ್ಪ ಹೊತ್ತು ಅವಳು ಅವನ ಅಂಗಿಯ ಗುಂಡಿ ತಿರುಗಿಸುತ್ತಾ ಕೂತಿದ್ದಳು.

"ಸಂಜೆ ಅಮ್ಮ ಉಳಿದ ಕೂದಲನ್ನೂ ತೆಗೆಸ್ತಾಳೆ. ಮೆಷಿನ್ನಿಂದ. ನೋವಾಗಲ್ಲ. ಬೇಕಾದ್ರೆ ನೀನೂ ಇರಬಹುದು, ಬೇಡ ಅಂದ್ರೆ ಆಚೆ ಆಡ್ಕೊಂಡಿರಬಹುದು."

"ಇರ್ತೀನಿ. ಆಮೇಲೆ ತಲೆಗೆ ಚಳಿ ಆಗಲ್ವಾ?"

"ಆಗುತ್ತೆ. ಮೆತ್ತಗಿರೋ ಕಾಟನ್ ಸ್ಕಾರ್ಫ್ ತಂದಿದೀವಿ. ಬಣ್ಣ ನೀನು ಆರಿಸ್ತೀಯಾ?"

ಅನು ಅಷ್ಟರಲ್ಲಾಗಲೇ ಅವನ ತೊಡೆಯಿಂದ ಇಳಿದಿದ್ದಳು. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು. ಆಮೇಲೆ ಗೆಜ್ಜೆ ಅಡುಗೆಮನೆಗೆ ಹೋಯಿತು. "ಅಜ್ಜೀ, ಅಮ್ಮನ ಸಾರಿಗೆ ಮೆಣಸಿನಪುಡಿ ಹಾಕ್ಬೇಡ. ಹುಳೀನೂ ಬೇಡ. ಬಾಯಿ ಚರ್ಮ ಹೊಸದು ಬರೋವರೆಗೂ."

"ಅದಿಲ್ಲದೆ ಸಾರು ಹೇಗೆ ಮಾಡ್ಲೇ?"

"ಹಾಗಾದ್ರೆ ಗಂಜಿ ಮಾಡು. ಆರಿಸಿ ಕೊಡು," ಅಂದು ಅನು ಒದ್ದೆ ಕೈಯಲ್ಲೇ ಅಮ್ಮನ ಕೋಣೆಗೆ ಓಡಿದಳು.