ಡಿಸೆಂಬರ್ 27, ಭಾನುವಾರ: 10ನೇ ಬಿ ಮತ್ತೆ ಬೆಂಚಿಗೆ

2001ರಲ್ಲಿ ಸಾಗರದ ನಮ್ಮ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಬರೆದ ಬಿ ಸೆಕ್ಷನ್ ಗೆಳೆಯರೇ, ಗೆಳತಿಯರೇ,

ನಾವೆಲ್ಲ ಮತ್ತೆ ಒಂದು ದಿನ ಸೇರೋಣ ಅಂತ ಹೋದ ವಾರ ಈ ಗುಂಪಿನಲ್ಲಿ ನಾನು ಹಾಕಿದ್ದು ಎರಡೇ ಸಾಲು. ಓದಿದವರೆಲ್ಲ ಯಾವಾಗ, ಎಲ್ಲಿ, ದುಡ್ಡು ಎಷ್ಟು ಅಂತ ಕೇಳಿದಿರಿ. ಅದಕ್ಕೇ ಪೂರ್ತಿ ಬರೀತಿದ್ದೇನೆ.

2026ರ ಡಿಸೆಂಬರ್ 27, ಭಾನುವಾರ. ಬೆಳಿಗ್ಗೆ 9.30ಕ್ಕೆ ಶಾಲೆಯ ಗೇಟಿನ ಹತ್ತಿರ ಸೇರೋಣ. ಸಂಜೆ 4ಕ್ಕೆ ಮುಗಿಸಿ, ಇಷ್ಟ ಇದ್ದವರು ಗಣಪತಿ ಕೆರೆ ಕಡೆ ನಡೆದು ಹೋಗೋಣ.

ಮೊದಲು ನಮ್ಮ ಕ್ಲಾಸ್‌ರೂಮಿಗೇ ಹೋಗುತ್ತೇವೆ, ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ಮೊನ್ನೆ ಒಳಗೆ ಹೋಗಿ ನೋಡಿದೆ. ಬೆಂಚು ಬದಲಾಗಿವೆ, ಆದರೆ ಜಗುಲಿಯಲ್ಲಿ ಗಂಟೆ ಅಂತ ನೇತುಹಾಕಿದ್ದ ಕಂಬಿ ತುಂಡು ಅಲ್ಲೇ ಇದೆ, ಹೊಡೆದು ಹೊಡೆದು ಒಂದು ಕಡೆ ನುಣ್ಣಗಾಗಿದೆ. ಅದನ್ನು ಮುಟ್ಟಿದ ಕೂಡಲೇ ಆ ಮಳೆಗಾಲಗಳೆಲ್ಲ ನೆನಪಾದವು: ಜಗುಲಿ ತುಂಬಾ ಒಣಗಲು ಬಿಡಿಸಿಟ್ಟ ಕೊಡೆಗಳು, ತಾಳಗುಪ್ಪ ಕಡೆಯಿಂದ ರೈಲ್‌ಬಸ್‌ನಲ್ಲಿ ಬರುತ್ತಿದ್ದವರ ಒದ್ದೆ ಚೀಲಗಳು, ಯಾರೋ ಎರಡನೇ ಪೀರಿಯಡ್ಡಿನಲ್ಲೇ ಡಬ್ಬಿ ಮುಚ್ಚಳ ತೆಗೆದು ಕ್ಲಾಸೆಲ್ಲ ಹರಡಿದ ಮಿಡಿ ಉಪ್ಪಿನಕಾಯಿ ವಾಸನೆ. ಆ ಡಬ್ಬಿ ಯಾರದು ಅಂತ ನನಗಿನ್ನೂ ಗೊತ್ತಿಲ್ಲ. ಬಂದು ಒಪ್ಪಿಕೊಳ್ಳಿ!

ಲೆಕ್ಕದ ಮೇಷ್ಟ್ರು ಬರುತ್ತಾರೆ. ಮನೆಗೆ ಹೋಗಿ ಕರೆದೆವು. ಹಾಜರಿ ಅವರೇ ಕೂಗುತ್ತಾರೆ, ಹಳೇ ಕ್ರಮದಲ್ಲೇ. ನಮ್ಮನ್ನು ಬಿಟ್ಟು ಹೋದ ಮೂವರ ಹೆಸರೂ ಅದರಲ್ಲಿರುತ್ತದೆ, ಆಗ ಎಲ್ಲರೂ ಎದ್ದು ನಿಲ್ಲೋಣ.

ಊಟ ಶಾಲೆಯ ಅಂಗಳದಲ್ಲೇ, ಬಾಳೆಲೆ ಊಟ. ತಲೆಗೆ 500 ರೂಪಾಯಿ, ಅಲ್ಲೇ ಕೈಗೆ ಕೊಟ್ಟರೆ ಸಾಕು. ಕೊಡಲು ಕಷ್ಟ ಅನ್ನೋರು ನನಗೊಬ್ಬನಿಗೆ ಹೇಳಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಮನೆಯವರನ್ನೂ ಮಕ್ಕಳನ್ನೂ ಕರೆತನ್ನಿ, 10 ವರ್ಷದೊಳಗಿನ ಮಕ್ಕಳಿಗೆ ದುಡ್ಡು ಬೇಡ.

ಬರೋರು ಡಿಸೆಂಬರ್ 6ರೊಳಗೆ ಈ ಗುಂಪಿನಲ್ಲಿ "ಬರ್ತೀನಿ" ಅಂತ ಬರೆದು, ಪಕ್ಕದಲ್ಲಿ ಒಟ್ಟು ಎಷ್ಟು ಜನ ಅಂತ ಹಾಕಿ. ಅಡುಗೆಯವರಿಗೆ ಲೆಕ್ಕ ಕೊಡಬೇಕು. ಬೆಂಗಳೂರಿನವರು ತಾಳಗುಪ್ಪಕ್ಕೆ ಬರುವ ರಾತ್ರಿ ರೈಲಿಗೆ ಈಗಲೇ ಟಿಕೆಟ್ ಮಾಡಿಸಿ, ರಜೆ ಸಮಯ, ಆಮೇಲೆ ಸಿಗಲ್ಲ. ಇಳಿಯುವುದು ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ. ಉಳಿಯಲು ಜಾಗ ಬೇಕಿದ್ದರೆ ಅದನ್ನೂ ಬರೆಯಿರಿ, ಊರಲ್ಲಿರುವ ನಾವು ಹಂಚಿಕೊಂಡು ನಮ್ಮ ಮನೆಗಳಲ್ಲೇ ಇಟ್ಟುಕೊಳ್ಳುತ್ತೇವೆ.

ಇನ್ನೊಂದು ಮಾತು. ಫೇಲಾದೆ, ಓದು ಅಲ್ಲಿಗೇ ನಿಂತಿತು, ನಾನ್ಯಾಕೆ ಬರಲಿ ಅಂತ ಇಬ್ಬರು ಫೋನಿನಲ್ಲಿ ಹೇಳಿದರು. ಕೇಳಿ ಹೊಟ್ಟೆ ಉರಿಯಿತು. ಒಂದೇ ಬೆಂಚಿನಲ್ಲಿ ಮೂರು ವರ್ಷ ಕೂತಿದ್ದೇವೆ, ಅಲ್ವಾ? ನೀವು ಬರಲೇಬೇಕು.

ಮದುವೆಯಾಗಿ ಊರು ಬಿಟ್ಟ ಹನ್ನೊಂದು ಗೆಳತಿಯರ ನಂಬರ್ ಇನ್ನೂ ಸಿಕ್ಕಿಲ್ಲ. ಅವರ ತವರುಮನೆ ಗೊತ್ತಿದ್ದವರು ಒಂದು ಹೆಜ್ಜೆ ಹೋಗಿ ಕೇಳಿ, ಈ ಕಾಗದವನ್ನೇ ಅವರಿಗೆ ಕಳಿಸಿ.

ಗೇಟಿನ ಹತ್ತಿರ ಕಾಯುತ್ತಿರುತ್ತೇನೆ.

ನಿಮ್ಮ ಬಿ ಸೆಕ್ಷನ್ ಲೀಡರ್