ನನ್ನ 30 ಸೆಕೆಂಡಿನ ಪರಿಚಯ, ಮೂರು ಥರದ ಕೇಳುಗರಿಗೆ

ಶನಿವಾರದ ಸಭೆಗೆ ಬರೆದುಕೊಂಡದ್ದು. ಹೆಸರು ಬ್ಯಾಡ್ಜ್ ಮೇಲೆ ಇರುತ್ತದೆ, ಅದನ್ನು ಒಮ್ಮೆ ಹೇಳಿದ ಮೇಲೆ 30 ಸೆಕೆಂಡು ಶುರು. ಮೊದಲು ಅವರ ಕೆಲಸ ಏನು ಅಂತ ಕೇಳಿಕೊಳ್ಳಬೇಕು. ಯಾವ ಮಾತು ಹೇಳಬೇಕು ಅನ್ನೋದು ಅದರ ಮೇಲೆ.

ಆಸ್ಪತ್ರೆ, ಕ್ಲಿನಿಕ್ ನಡೆಸುವವರಿಗೆ

"ನಾನು ಲಸಿಕೆ ಇಡುವ ಫ್ರಿಜ್‌ಗಳ ತಾಪಮಾನ ನೋಡಿಕೊಳ್ಳುತ್ತೇನೆ, ಒಂಬತ್ತು ವರ್ಷದಿಂದ ಇದೇ ಕೆಲಸ. ನಿಮ್ಮ ಫ್ರಿಜ್ ಬಾಗಿಲ ಮೇಲೆ ದಿನಕ್ಕೆ ಎರಡು ಸಲ ತಾಪಮಾನ ಬರೆಯುವ ಚಾರ್ಟ್ ಇರುತ್ತದೆ ಅಲ್ವಾ? ಬೆಳಿಗ್ಗೆ 4 ಡಿಗ್ರಿ, ಸಂಜೆ 5 ಡಿಗ್ರಿ. ಆದರೆ ರಾತ್ರಿ ಎರಡು ಗಂಟೆಗೆ ಎಷ್ಟಿತ್ತು ಅಂತ ಅದರಲ್ಲಿ ಇರುವುದಿಲ್ಲ. ನಾನು ಒಳಗೆ ಒಂದು ಲಾಗರ್ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ದಾಖಲಾದದ್ದನ್ನು ಓದಿ, ಯಾವ ಫ್ರಿಜ್ ಯಾವಾಗ ತಪ್ಪುತ್ತಿದೆ ಅಂತ ತೋರಿಸುತ್ತೇನೆ. ಒಂದು ವಾರ ನಿಮ್ಮ ಒಂದು ಫ್ರಿಜ್‌ನಲ್ಲಿ ಇಟ್ಟು ನೋಡಲು ಬಿಡುತ್ತೀರಾ?"

"ನಮ್ಮಲ್ಲಿ ಕರೆಂಟ್ ಹೋಗುವುದೇ ಇಲ್ಲ, ನಮಗೆ ಯಾಕೆ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಹೀಗೆ:

"ಬಿಸಿಗಿಂತ ನನಗೆ ಚಳಿಯ ಭಯವೇ ಜಾಸ್ತಿ. ಹೆಪಟೈಟಿಸ್ ಬಿ, ಡಿಪಿಟಿ ಥರದ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಅದು ಉಂಡೆ ಕಟ್ಟುತ್ತದೆ, ಕರಗಿಸಿದರೂ ಮೊದಲಿನ ಹಾಗೆ ಆಗುವುದಿಲ್ಲ, ಲಸಿಕೆಯ ಶಕ್ತಿ ಹೋಗುತ್ತದೆ. ಸೀಸೆಯ ಮೇಲಿನ ಬಣ್ಣ ಬದಲಾಗುವ ಚೌಕ ಬಿಸಿ ತಾಗಿದ್ದನ್ನು ಮಾತ್ರ ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಹಿಂದಿನ ಗೋಡೆಗೆ ಒತ್ತಿ ಇಟ್ಟ ಬಾಕ್ಸ್ ಇದೆಯಾ ಅಂತ ಇವತ್ತೇ ಒಮ್ಮೆ ನೋಡಿ. ಇದ್ದರೆ ನಾಲ್ಕು ಬೆರಳು ಮುಂದಕ್ಕೆ ಎಳೆದಿಡಿ."

ಈ ಕೊನೆಯ ಮಾತನ್ನು ಅವರು ಲಾಗರ್ ತೆಗೆದುಕೊಂಡರೂ ಬಿಟ್ಟರೂ ಹೇಳಿಯೇ ಬರಬೇಕು. ಅದು ಮಕ್ಕಳಿಗೆ ಹೋಗುವ ಲಸಿಕೆ.

ನಮ್ಮದೇ ಕೆಲಸದವರಿಗೆ: ರೆಫ್ರಿಜರೇಶನ್, ಸೆನ್ಸರ್ ಎಂಜಿನಿಯರ್‌ಗಳು

"ನಾನು ಲಸಿಕೆ ಫ್ರಿಜ್‌ಗಳಿಗೆ ಲಾಗರ್ ಹಾಕುತ್ತೇನೆ. ವ್ಯಾಪ್ತಿ 2ರಿಂದ 8 ಡಿಗ್ರಿ. 8 ಮೀರಿ 10 ಗಂಟೆ ಆದರೆ ಅಲಾರಂ, ಮೈನಸ್ 0.5ಕ್ಕೆ ಇಳಿದು 60 ನಿಮಿಷ ಆದರೂ ಅಲಾರಂ. ಬಾಗಿಲು ತೆಗೆದಾಗೆಲ್ಲ ಗಾಳಿ ಬಿಸಿಯಾಗಿ ಸುಳ್ಳು ಅಲಾರಂ ಬರಬಾರದು ಅಂತ ಪ್ರೋಬ್ ಅನ್ನು ಗ್ಲೈಕಾಲ್ ಸೀಸೆಯಲ್ಲಿ ಮುಳುಗಿಸುತ್ತೇನೆ. ನನ್ನ ತಲೆನೋವು ಸಿಗ್ನಲ್. ಸ್ಟೀಲ್ ಕ್ಯಾಬಿನೆಟ್ ಒಳಗಿಂದ ಅದು ಸರಿಯಾಗಿ ಹೊರಗೆ ಬರುವುದಿಲ್ಲ. ಪ್ರೋಬ್ ಮಾತ್ರ ಒಳಗೆ ಬಿಟ್ಟು, ರೇಡಿಯೋ ಹೊರಗೆ ಇಟ್ಟರೆ ಗ್ಯಾಸ್ಕೆಟ್ ಕೆಳಗೆ ವೈರ್ ಹಾದು ಸಂದು ಬೀಳುತ್ತದೆ. ನೀವು ಇದನ್ನು ಹೇಗೆ ಮಾಡುತ್ತೀರಿ?"

ಇವರ ಹತ್ತಿರ ಮಾರುವುದು ಏನೂ ಇಲ್ಲ. ಪ್ರಶ್ನೆ ಕೇಳಿ ಸುಮ್ನೆ ನಿಲ್ಲಬೇಕು. ಚಪ್ಪಟೆ ರಿಬ್ಬನ್ ಕೇಬಲ್ ಅಂದರೆ, ಗ್ಯಾಸ್ಕೆಟ್ ಕೆಳಗೆ ಎಷ್ಟು ದಿನ ಬಾಳಿಕೆ ಬಂತು ಅಂತ ಕೇಳಿ ಬರೆದುಕೊಳ್ಳಬೇಕು.

ಇದರ ಗಂಧವೇ ಇಲ್ಲದವರಿಗೆ

"ಲಸಿಕೆ ಬಿಸಿಗೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಆದರೆ ಸೀಸೆ ಕೈಯಲ್ಲಿ ಹಿಡಿದು ನೋಡಿದರೆ ಸುಲಭವಾಗಿ ಗೊತ್ತಾಗುವುದಿಲ್ಲ. ಚುಚ್ಚುವ ನರ್ಸ್‌ಗೂ ಗೊತ್ತಾಗದೆ ಹೋಗಬಹುದು, ಮಗುವನ್ನು ಎತ್ತಿಕೊಂಡು ಬಂದ ತಾಯಿಗಂತೂ ಗೊತ್ತಾಗುವುದೇ ಇಲ್ಲ. ಆ ಸೀಸೆ ರಾತ್ರಿಯೆಲ್ಲ ಎಷ್ಟು ತಣ್ಣಗಿತ್ತು ಅಂತ ಬರೆದಿಡುವ ಪುಟ್ಟ ಯಂತ್ರವನ್ನು ಫ್ರಿಜ್ ಒಳಗೆ ಇಟ್ಟು, ಅದರ ಲೆಕ್ಕ ಓದುವುದು ನನ್ನ ಕೆಲಸ. ನಿಮ್ಮ ಕೆಲಸದಲ್ಲೂ ಕಣ್ಣಿಗೆ ಕಾಣದೆ ಕೆಡುವಂಥದ್ದು ಏನಾದರೂ ಇದೆಯಾ?"